ಮೂರು ಇಮೇಲ್, ಒಂದೇ ಪಾಠ

ನಮಸ್ಕಾರ. ಕೆಲಸದಲ್ಲಿ ಕಲಿತದ್ದನ್ನು ಲಿಂಕ್ಡ್‌ಇನ್‌ನಲ್ಲೋ ಎಕ್ಸ್‌ನಲ್ಲೋ ಉದ್ದಕ್ಕೆ ಬರೆಯುವ ಆಸೆ ನಿಮಗೂ ಇರಬಹುದು. ನನ್ನ ಒಂದು ಪೋಸ್ಟ್ ಮೊದಲು ಹೇಗೆ ಕೆಟ್ಟಿತ್ತು ಅಂತ ಹೇಳ್ತೀನಿ, ಕೇಳಿ.

ಗ್ರಾಹಕರಿಗೆ ಬಿಲ್ ನೆನಪಿಸುವ ಇಮೇಲ್ ಕಳಿಸುವ ಪ್ರೋಗ್ರಾಂ ನಾನು ಬರೆದದ್ದು. ಇಮೇಲ್ ತಲುಪಿಸುವ ಸರ್ವರ್ 30 ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ ಇಮೇಲ್ ಹೋಗಿಲ್ಲ ಅಂತ ತಿಳಿದು ಅದು ಮತ್ತೆ ಕಳಿಸುತ್ತಿತ್ತು. ಒಂದು ರಾತ್ರಿ ಸರ್ವರ್ ನಿಧಾನವಾಯಿತು. ಬೆಳಿಗ್ಗೆ ನೋಡಿದರೆ ಒಬ್ಬೊಬ್ಬರಿಗೂ ಮೂರು ಮೂರು ಇಮೇಲ್ ಹೋಗಿವೆ!

ಇದರ ಬಗ್ಗೆ ಮೊದಲು ಬರೆದದ್ದು ‘ನಾನು ಕಲಿತ ಐದು ಪಾಠಗಳು’. ಚೆನ್ನಾಗಿ ಟೆಸ್ಟ್ ಮಾಡಿ, ತಂಡದ ಜೊತೆ ಮಾತಾಡಿ, ಇಂಥವೇ. ಸಹೋದ್ಯೋಗಿಯೊಬ್ಬರು ಓದಿ, "ಇದನ್ನ ಆ ರಾತ್ರಿ ಅಲ್ಲಿ ಇಲ್ಲದವರೂ ಬರೀಬಹುದಲ್ವಾ?" ಅಂದರು. ನಿಜ ಅನ್ನಿಸಿತು.

ಆಮೇಲೆ ಎರಡೇ ಪ್ರಶ್ನೆ ಕೇಳಿಕೊಂಡೆ. ಆ ರಾತ್ರಿಯವರೆಗೆ ನಾನು ಏನನ್ನು ನಂಬಿದ್ದೆ? ಆ ನಂಬಿಕೆ ಸುಳ್ಳು ಅಂತ ತೋರಿಸಿದ್ದು ಯಾವುದು? ಉತ್ತರ ಲಾಗ್‌ನಲ್ಲೇ ಇತ್ತು. ಇಮೇಲ್ ಕಳಿಸಿದ್ದು 2:10ಕ್ಕೆ, ನಮ್ಮ ಪ್ರೋಗ್ರಾಂ ಕಾಯೋದು ಬಿಟ್ಟಿದ್ದು 30 ಸೆಕೆಂಡಿಗೆ, ಸರ್ವರ್ ‘ತಲುಪಿತು’ ಅಂದಿದ್ದು 41ನೇ ಸೆಕೆಂಡಿಗೆ. ಉತ್ತರ ಬರಲಿಲ್ಲ ಅಂದರೆ ಕೆಲಸ ಆಗಲಿಲ್ಲ ಅಂತ ಅರ್ಥ ಅಲ್ಲ. ಪಾಠ ಇಷ್ಟೇ. ಹಳೆಯ ಐದನ್ನೂ ಅಳಿಸಿದೆ, ಆ ಮೂರು ಸಮಯಗಳನ್ನು ಮಾತ್ರ ಇಟ್ಟುಕೊಂಡೆ.

ಶುರುವಿನ ಸಾಲನ್ನೂ ಬದಲಿಸಿದೆ. ಫೀಡ್‌ನಲ್ಲಿ ಮೊದಲು ಕಾಣೋದು ಎರಡು ಮೂರು ಸಾಲು, ಮಿಕ್ಕಿದ್ದು ‘ಮೋರ್’ ಒತ್ತಿದವರಿಗೆ. ಲಿಂಕ್ಡ್‌ಇನ್ ಪೋಸ್ಟ್‌ನಲ್ಲಿ 3,000 ಅಕ್ಷರಗಳಿಗೆ ಜಾಗ ಇದೆ, ಆದರೆ ಮೊದಲ ಸಾಲಿನಲ್ಲೇ ‘ನಮಗೆಲ್ಲ ತಿಳಿದಂತೆ’ ಅಂತ ಶುರು ಮಾಡಿದರೆ ಆ ಜಾಗ ಯಾರೂ ನೋಡಲ್ಲ. ಹಾಗಾಗಿ ಮೂರು ಇಮೇಲ್ ಹೋದ ಮಾತನ್ನೇ ಮೇಲಕ್ಕೆ ತಂದೆ.

ಪರಿಹಾರ ಬರೆಯುವಾಗ ಅದರ ಮಿತಿಯನ್ನೂ ಬರೆದೆ. ಪ್ರತಿ ಇಮೇಲ್‌ಗೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡುವಂತೆ ಮಾಡಿದೆವು. ಆ ಕಡೆಯ ಸರ್ವರ್ ಸಂಖ್ಯೆಯನ್ನು ನೆನಪಿಟ್ಟುಕೊಳ್ಳದಿದ್ದರೆ ಇದರಿಂದ ಏನೂ ಪ್ರಯೋಜನ ಇಲ್ಲ. ಈ ಸಾಲು ಬಿಟ್ಟರೆ, ಓದಿದವರು ಸುಮ್ನೆ ಸಂಖ್ಯೆ ಸೇರಿಸಿ ಎಲ್ಲ ಸರಿಯಾಯಿತು ಅಂದುಕೊಳ್ಳುತ್ತಾರೆ.

ಗ್ರಾಹಕ ಕಂಪನಿ ಯಾವುದು ಅಂತ ಗೊತ್ತಾಗುವ ವಿವರಗಳನ್ನು ತೆಗೆದೆ. ಸಮಯ ಮತ್ತು ಕಾರಣ ಮಾತ್ರ ಮುಟ್ಟಲಿಲ್ಲ. ಅವನ್ನು ತಿದ್ದಿದರೆ ಪಾಠವೇ ಸುಳ್ಳಾಗುತ್ತದೆ.

ಹಾಕುವ ಮುಂಚೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಗೆಳೆಯನಿಗೆ ಕಳಿಸಿದೆ. ‘ಲಾಗ್‌ನಲ್ಲಿ ಪತ್ತೆ ಹಚ್ಚಿದೆ’ ಅಂತ ಬರೆದಿದ್ದೆ. 41ನೇ ಸೆಕೆಂಡಿನ ಆ ಸಾಲು ಮೊದಲು ಕಂಡದ್ದು ಅವನಿಗೆ. ಅವನೇನೂ ಹೇಳಲಿಲ್ಲ, ನನಗೇ ನೆನಪಾಯಿತು. ‘ಗೆಳೆಯ ತೋರಿಸಿದ’ ಅಂತ ತಿದ್ದಿ ಪೋಸ್ಟ್ ಮಾಡಿದೆ.