ಸ್ಕ್ಯಾನಿನಲ್ಲಿ ಅನಿರೀಕ್ಷಿತವಾಗಿ ಕಂಡ ಗಂಟು: ಸೂಜಿ ಪರೀಕ್ಷೆ ಯಾವಾಗ ಬೇಕು?

[ಪರದೆಯ ಮೇಲೆ: ಸಿಟಿ ಸ್ಕ್ಯಾನ್ ವರದಿಯ ಕೊನೆಯ ಎರಡು ಸಾಲುಗಳು]

ನಮಸ್ಕಾರ. ಶಿರಸಿ ಸಮೀಪದ ಹಳ್ಳಿಯೊಂದರ 52 ವರ್ಷದ ಮಹಿಳೆಯೊಬ್ಬರನ್ನು ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಬಹುದಿನಗಳಿಂದ ಬಿಡದ ಕೆಮ್ಮಿಗಾಗಿ ಅವರು ಹುಬ್ಬಳ್ಳಿಗೆ ಹೋಗಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದಾರೆ. ಶ್ವಾಸಕೋಶದಲ್ಲಿ ದೋಷವೇನೂ ಕಂಡಿಲ್ಲ. ಆದರೆ ವರದಿಯ ಕೊನೆಯಲ್ಲಿ, ಲಿವರಿನಲ್ಲಿ 14 ಮಿಲಿಮೀಟರಿನ ಸಾದಾ ಸಿಸ್ಟ್ ಇದೆಯೆಂದೂ ಥೈರಾಯ್ಡ್ ಗ್ರಂಥಿಯ ಎಡಭಾಗದಲ್ಲಿ 18 ಮಿಲಿಮೀಟರಿನ ಗಂಟು ಇದೆಯೆಂದೂ ಬರೆದಿದೆ. ಕೆಮ್ಮಿನ ಚಿಂತೆ ಕಳೆಯಿತು ಎನ್ನುವಷ್ಟರಲ್ಲಿ ಮನೆಯವರಿಗೆಲ್ಲ ಹೊಸ ಚಿಂತೆ ಹತ್ತಿಕೊಂಡಿದೆ.

ಲಿವರಿನ ವಿಷಯವನ್ನು ಬೇಗ ಮುಗಿಸಬಹುದು. ಸಾದಾ ಸಿಸ್ಟ್ ಎಂದರೆ ತೆಳುವಾದ ಗೋಡೆಯೊಳಗೆ ತಿಳಿ ದ್ರವ ತುಂಬಿದ ಚೀಲ. ಅದು ಕ್ಯಾನ್ಸರ್ ಅಲ್ಲ. ನೋವು ಕೊಡುವಷ್ಟು ದೊಡ್ಡದಾಗದಿದ್ದರೆ ಔಷಧವೂ ಬೇಡ, ಮತ್ತೆ ಮತ್ತೆ ಸ್ಕ್ಯಾನೂ ಬೇಡ. ಗೋಡೆ ದಪ್ಪವಾಗಿದೆ, ಒಳಗೆ ಪರದೆಗಳಿವೆ ಅಥವಾ ಗಟ್ಟಿ ಭಾಗವಿದೆ ಎಂದು ವರದಿ ಹೇಳಿದರೆ ಮಾತ್ರ ಮಾತು ಬೇರೆ. ನಾಯಿ ಮತ್ತು ಕುರಿಗಳ ಮೂಲಕ ಹರಡುವ ಹೈಡಾಟಿಡ್ ಸೋಂಕನ್ನೂ ಆಗ ವೈದ್ಯರು ಪರಿಗಣಿಸುತ್ತಾರೆ.

ಹೆಚ್ಚು ವಿವೇಚನೆ ಬೇಕಾಗಿರುವುದು ಥೈರಾಯ್ಡಿನ ಗಂಟಿಗೆ. ವಯಸ್ಕರಲ್ಲಿ ಇಂತಹ ಗಂಟುಗಳು ತೀರ ಸಾಮಾನ್ಯ ಮತ್ತು ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಸಿಟಿ ಸ್ಕ್ಯಾನ್ ಗಂಟನ್ನು ತೋರಿಸುತ್ತದೆಯೇ ಹೊರತು ಅದರ ಸ್ವಭಾವವನ್ನು ಸ್ಪಷ್ಟವಾಗಿ ಹೇಳಲಾರದು. ಆದ್ದರಿಂದ ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆಯ ಮಾರ್ಗಸೂಚಿಯಂತೆ, ಬೇರೆ ಅನುಮಾನಕ್ಕೆ ಎಡೆಯಿಲ್ಲದಿದ್ದರೆ, 35 ದಾಟಿದವರಲ್ಲಿ 15 ಮಿಲಿಮೀಟರಿಗಿಂತ ಚಿಕ್ಕದಾದ ಗಂಟಿಗೆ ಮುಂದಿನ ಪರೀಕ್ಷೆ ಬೇಕಿಲ್ಲ. 35ರೊಳಗಿನವರಲ್ಲಿ ಆ ಮಿತಿ 10 ಮಿಲಿಮೀಟರ್. ನಮ್ಮ ಉದಾಹರಣೆಯ ಗಂಟು 18 ಇರುವುದರಿಂದ ಕುತ್ತಿಗೆಯ ಅಲ್ಟ್ರಾಸೌಂಡ್ ಮತ್ತು ರಕ್ತದಲ್ಲಿ ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನನ್ನು ಅಳೆಯುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಲೇಬೇಕು.

[ಪರದೆಯ ಮೇಲೆ: ಎರಡು ಗಂಟುಗಳ ಅಲ್ಟ್ರಾಸೌಂಡ್ ಚಿತ್ರ, ಅಕ್ಕಪಕ್ಕದಲ್ಲಿ]

ಅಲ್ಟ್ರಾಸೌಂಡಿನಲ್ಲಿ ಗಂಟಿನ ರೂಪಕ್ಕೆ ಅಂಕ ಕೊಡುವ ಕ್ರಮವಿದ್ದು, ಅದನ್ನು ಟೈರ್ಯಾಡ್ಸ್ ಎನ್ನುತ್ತಾರೆ. ಈ ಮಹಿಳೆಯ ಗಂಟು ಪೂರ್ತಿ ಗಟ್ಟಿಯಾಗಿದೆ, ಅದಕ್ಕೆ 2 ಅಂಕ. ಬಣ್ಣ ಸುತ್ತಲಿನ ಗ್ರಂಥಿಯಷ್ಟೇ ಬೂದು, ಅದಕ್ಕೆ 1. ಅಂಚು ನಯವಾಗಿದೆ, ಆಕಾರ ಎತ್ತರಕ್ಕಿಂತ ಅಗಲವಾಗಿದೆ, ಒಳಗೆ ಬಿಳಿ ಚುಕ್ಕಿಗಳಿಲ್ಲ, ಇವಕ್ಕೆ ಅಂಕವಿಲ್ಲ. ಒಟ್ಟು 3 ಅಂಕ, ಅಂದರೆ ಟಿಆರ್ 3. ಈ ವರ್ಗದಲ್ಲಿ ಗಂಟು 25 ಮಿಲಿಮೀಟರ್ ತಲುಪಿದರೆ ಮಾತ್ರ ಸೂಜಿ ಪರೀಕ್ಷೆ, ಅಂದರೆ ತೆಳು ಸೂಜಿಯಿಂದ ಗಂಟಿನ ಕೋಶಗಳನ್ನು ತೆಗೆದು ನೋಡುವುದು. 15ರಿಂದ ಮೇಲಿದ್ದರೆ 1, 3 ಮತ್ತು 5ನೇ ವರ್ಷಗಳಲ್ಲಿ ಮತ್ತೆ ಅಲ್ಟ್ರಾಸೌಂಡ್. ಆದ್ದರಿಂದ ಇವರು ಮುಂದಿನ ವರ್ಷ ಬಂದರೆ ಸಾಕು.

ಅದೇ 18 ಮಿಲಿಮೀಟರಿನ ಗಂಟು ಸುತ್ತಲಿನ ಭಾಗಕ್ಕಿಂತ ಕಪ್ಪಾಗಿ ಕಂಡಿದ್ದರೆ ಒಟ್ಟು 4 ಅಂಕವಾಗಿ ಟಿಆರ್ 4 ಆಗುತ್ತಿತ್ತು, ಆಗ 15 ಮಿಲಿಮೀಟರಿಗೇ ಸೂಜಿ ಪರೀಕ್ಷೆ ಬೇಕಾಗುತ್ತದೆ. ಅದರೊಳಗೆ ಸಾಸಿವೆಗಿಂತಲೂ ಸಣ್ಣ ಬಿಳಿ ಚುಕ್ಕಿಗಳೂ ಇದ್ದಿದ್ದರೆ ಇನ್ನೂ 3 ಅಂಕ ಸೇರಿ ಟಿಆರ್ 5, ಅಲ್ಲಿ ಮಿತಿ 10 ಮಿಲಿಮೀಟರಿಗೆ ಇಳಿಯುತ್ತದೆ. ಅಳತೆಯೊಂದನ್ನೇ ಹಿಡಿದುಕೊಂಡು ಹೆದರುವುದಾಗಲಿ ನಿಶ್ಚಿಂತರಾಗುವುದಾಗಲಿ ಸರಿಯಲ್ಲವೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಟಿಎಸ್‌ಎಚ್ ಕಡಿಮೆಯಿದ್ದರೆ, ಸೂಜಿಗೆ ಮೊದಲು ಗಂಟೇ ಹೆಚ್ಚು ಹಾರ್ಮೋನ್ ತಯಾರಿಸುತ್ತಿದೆಯೇ ಎಂದು ನೋಡುವ ಬೇರೆ ಸ್ಕ್ಯಾನ್ ಮಾಡುತ್ತಾರೆ. ಅಂತಹ ಗಂಟುಗಳಲ್ಲಿ ಕ್ಯಾನ್ಸರ್ ಅಪರೂಪ.

ಎಲ್ಲ ಗಂಟಿಗೂ ಸೂಜಿ ಚುಚ್ಚಿ ನೋಡಿಬಿಟ್ಟರೆ ನೆಮ್ಮದಿಯಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ದಕ್ಷಿಣ ಕೊರಿಯಾದ ಅನುಭವದಲ್ಲಿದೆ. ಅಲ್ಲಿ 1999ರ ನಂತರ ಥೈರಾಯ್ಡಿನ ಅಲ್ಟ್ರಾಸೌಂಡ್ ತಪಾಸಣೆ ವ್ಯಾಪಕವಾಯಿತು. 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ಕ್ಕಿಂತ ಸುಮಾರು 15 ಪಟ್ಟಾಯಿತು, ಆದರೆ ಅದರಿಂದ ಸಾಯುವವರ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಂಟುಗಳಿಗಾಗಿ ಎಷ್ಟೋ ಜನ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಥೈರಾಕ್ಸಿನ್ ಮಾತ್ರೆ ನುಂಗುವಂತಾಯಿತು. ಕೆಲವರಿಗೆ ಕ್ಯಾಲ್ಸಿಯಂ ಇಳಿಯಿತು, ಕೆಲವರ ಧ್ವನಿತಂತುವಿಗೆ ಪೆಟ್ಟಾಯಿತು.

ಆದರೂ ಕೆಲವು ಸಂದರ್ಭಗಳಲ್ಲಿ ಗಂಟು ಚಿಕ್ಕದೆಂದು ಸುಮ್ಮನಿರಬಾರದು. ಕಾರಣವಿಲ್ಲದೆ ಧ್ವನಿ ಒಡೆದು ಹಾಗೆಯೇ ಉಳಿದರೆ, ಕುತ್ತಿಗೆಯ ಪಕ್ಕದಲ್ಲಿ ಗಡ್ಡೆ ಸಿಕ್ಕರೆ, ಗಂಟು ಬೇಗನೆ ಬೆಳೆದರೆ, ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆಯಾಗಿದ್ದರೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದರೆ ಅದನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ದೇಹದಲ್ಲಿ ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ಹೊಳೆದ ಗಂಟನ್ನೂ ಪರೀಕ್ಷಿಸಲೇಬೇಕು.

ನಮ್ಮ ಜಿಲ್ಲೆಯವರು ಒಮ್ಮೆ ಕಾರವಾರದಲ್ಲಿ, ಇನ್ನೊಮ್ಮೆ ಮಣಿಪಾಲದಲ್ಲಿ, ಮತ್ತೊಮ್ಮೆ ಗೋವಾದಲ್ಲಿ ತೋರಿಸಿಕೊಳ್ಳುವುದು ರೂಢಿ. ಹಾಗಾದಾಗ ಬೇರೆ ಬೇರೆ ಕೈಗಳಲ್ಲಿ ಅಳೆದ ಒಂದೆರಡು ಮಿಲಿಮೀಟರಿನ ವ್ಯತ್ಯಾಸವೇ ಬೆಳವಣಿಗೆಯಂತೆ ಕಾಣಬಹುದು. ಕನಿಷ್ಠ ಎರಡು ದಿಕ್ಕಿನ ಅಳತೆಗಳಲ್ಲಿ ತಲಾ 20 ಶೇಕಡದಷ್ಟು, ಅದೂ 2 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಹೆಚ್ಚಿದರೆ ಅದನ್ನು ಬೆಳವಣಿಗೆಯೆಂದು ಎಣಿಸುತ್ತಾರೆ. ಹೀಗಾಗಿ ವರದಿಯ ಹಾಳೆಯ ಜೊತೆಗೆ ಚಿತ್ರಗಳಿರುವ ಸಿಡಿ ಅಥವಾ ಫಿಲ್ಮನ್ನೂ ಕೇಳಿ ಪಡೆದು, ಮುಂದಿನ ಅಲ್ಟ್ರಾಸೌಂಡ್ ಮಾಡುವ ವೈದ್ಯರ ಮುಂದೆ ಸ್ಕ್ಯಾನ್ ಶುರುವಾಗುವ ಮೊದಲೇ ಇಡಿ.