ಗೀರು ಅಳಿಸಿದವರು: ಮೌರ್ಯರ ಕಂಬಗಳ ಕನ್ನಡಿ ಹೊಳಪು

ಅಧ್ಯಕ್ಷರೇ, ಹಿರಿಯರೇ, ಸ್ನೇಹಿತರೇ,

ಸಭಾಂಗಣದ ಬಾಗಿಲಲ್ಲೇ ತರುಣರೊಬ್ಬರು ನನ್ನನ್ನು ತಡೆದು, “ಸಾರ್, ಅಶೋಕನ ಕಂಬಗಳಿಗೆ ಬಳಿದ ವಜ್ರಲೇಪದ ಗುಟ್ಟನ್ನು ಇವತ್ತಾದರೂ ಬಿಟ್ಟುಕೊಡುತ್ತೀರಾ?” ಎಂದು ಕೇಳಿದರು. ನಾನು ಸಾರನಾಥದ ಸಿಂಹಗಳಿಂದ ಮಾತು ಆರಂಭಿಸಬೇಕೆಂದು ಬರೆದುಕೊಂಡು ಬಂದಿದ್ದೆ. ಆದರೆ ಈ ಪ್ರಶ್ನೆ ಹೋದಲ್ಲೆಲ್ಲ ಎದುರಾಗುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬಿಟ್ಟುಕೊಡಲು ನನ್ನಲ್ಲಿ ಗುಟ್ಟೇನೂ ಇಲ್ಲ, ಏಕೆಂದರೆ ಆ ಕಂಬಗಳ ಹೊಳಪು ಬಳಿದದ್ದಲ್ಲ, ಉಜ್ಜಿ ತೆಗೆದದ್ದು.

ವಜ್ರಲೇಪವೆಂಬುದು ಕಟ್ಟುಕತೆಯೇನಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದರ ಪಾಕವೇ ಇದೆ. ಬಲಿಯದ ಬೇಲದ ಕಾಯಿ, ಬೂರುಗದ ಹೂವು, ಬಜೆ ಮೊದಲಾದವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲಿಗೆ ಇಳಿಸಿ, ಗುಗ್ಗುಳ ಮುಂತಾದ ಅಂಟುಗಳನ್ನು ಬೆರೆಸಿ ಬಿಸಿಯಾಗಿರುವಾಗಲೇ ಬಳಿಯಬೇಕು ಎನ್ನುತ್ತಾನೆ. ಆದರೆ ಅವನು ಕ್ರಿಸ್ತಶಕ 6ನೆಯ ಶತಮಾನದವನು, ಅಶೋಕನಿಗಿಂತ ಸುಮಾರು 800 ವರ್ಷ ಈಚಿನವನು. ಅವನು ಹೇಳುವುದು ಗೋಡೆ, ಬಾವಿ, ವಿಗ್ರಹಗಳಿಗೆ ಹಿಡಿಸುವ ಒಂದು ಗಟ್ಟಿ ಅಂಟನ್ನು. ಗಿಡಮರಗಳ ಅಂಟು ಬಿಹಾರದ ಬಿಸಿಲು ಮಳೆಗಳಲ್ಲಿ 2200 ವರ್ಷ ಬಯಲಲ್ಲಿ ನಿಂತು ಕನ್ನಡಿಯಂತೆ ಉಳಿಯುತ್ತದೆ ಎಂದು ನಂಬುವುದಕ್ಕೆ ವರಾಹಮಿಹಿರನಿಗಿಂತ ದೊಡ್ಡ ಆಶಾವಾದಿಯಾಗಿರಬೇಕು. ಅವನಾದರೋ ಅದು ಕೋಟಿ ವರ್ಷ ಬಾಳುತ್ತದೆಂದೇ ಹೇಳಿದವನು!

ನಾನು ಈ ವಿಷಯವನ್ನು ಮೊದಲು ಕಲಿತದ್ದು ವಸ್ತುಸಂಗ್ರಹಾಲಯದಲ್ಲಲ್ಲ, ನಮ್ಮ ಮನೆಯ ನಡುಮನೆಯಲ್ಲಿ. ನಾನು ಏಳೆಂಟು ವರ್ಷದವನಿದ್ದಾಗ ಮನೆಗೆ ಮೊಸಾಯಿಕ್ ನೆಲ ಹಾಕಿಸಿದರು. ನೆಲ ಗಟ್ಟಿಯಾದ ಮೇಲೆ ಒಬ್ಬ ಮುದುಕ ಬಂದು ಕುಕ್ಕರುಗಾಲಿನಲ್ಲಿ ಕುಳಿತು, ಒರಟು ಸಾಣೆಕಲ್ಲು ಹಿಡಿದು, ನೀರು ಚಿಮುಕಿಸಿ ಉಜ್ಜತೊಡಗಿದ. ಎರಡು ದಿನ ಉಜ್ಜಿದರೂ ನೆಲ ಬೂದುಗೆಸರಾಗಿಯೇ ಇತ್ತು. ಮೂರನೆಯ ದಿನ ಆತ ಇನ್ನೊಂದು ಕಲ್ಲನ್ನು ತೆಗೆದ, ಆಮೇಲೆ ಮತ್ತೊಂದನ್ನು, ಪ್ರತಿಯೊಂದೂ ಹಿಂದಿನದಕ್ಕಿಂತ ನುಣುಪು. ಗೃಹಪ್ರವೇಶ ಹತ್ತಿರ ಬರುತ್ತಿದ್ದುದರಿಂದ ನಮ್ಮಮ್ಮ ತಾಳ್ಮೆಗೆಟ್ಟು, “ಹೊಳಪು ಯಾವಾಗಪ್ಪಾ ಹಾಕ್ತೀಯ?” ಎಂದು ಕೇಳಿದರು. ಆತ ತಲೆಯೆತ್ತದೆಯೇ ಹೇಳಿದ: “ಅಮ್ಮಾವ್ರೇ, ನಾನು ಹೊಳಪು ಹಾಕಾಕಿಲ್ಲ, ಗೀರು ತೆಗೀತೀನಿ. ಗೀರು ಹೋದ್ರೆ ಹೊಳಪು ತಾನೇ ಬತ್ತದೆ.”

ಕೊನೆಗೆ ಅವಸರ ಮಾಡಿದವರು ನಾವೇ. ದೇವರ ಕೋಣೆಯ ಮೂಲೆಯಲ್ಲಿ ನಡುವಿನ ಒಂದು ಕಲ್ಲಿನ ಕೆಲಸವನ್ನು ಬಿಟ್ಟು ನೇರವಾಗಿ ನುಣುಪು ಕಲ್ಲು ಹಿಡಿಸಿದೆವು. ಮಧ್ಯಾಹ್ನದ ಬೆಳಕಿನಲ್ಲಿ ಆ ಮೂಲೆಯೂ ಉಳಿದ ನೆಲದಂತೆಯೇ ಹೊಳೆಯುತ್ತಿತ್ತು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಮಾತ್ರ ಹೊಳಪಿನ ಅಡಿಯಲ್ಲಿ ಸುರುಳಿ ಸುರುಳಿಯಾದ ಗೀರುಗಳು ಎದ್ದು ಬರುತ್ತಿದ್ದವು. ಮನೆ ಮಾರುವವರೆಗೂ ಅವು ಹಾಗೆಯೇ ಇದ್ದವು.

ಮುದುಕನ ಮಾತು ಬೆಳಕಿನ ಶಾಸ್ತ್ರವೂ ಹೌದು. ಮೇಲ್ಮೈಯ ಏರುತಗ್ಗುಗಳು ಬೆಳಕಿನ ಅಲೆಯ ಅಳತೆಗಿಂತ ದೊಡ್ಡದಾಗಿದ್ದರೆ ಬೆಳಕು ದಿಕ್ಕಾಪಾಲಾಗಿ ಚೆದುರಿ ಕಲ್ಲು ಮಂಕಾಗಿ ಕಾಣುತ್ತದೆ. ಆ ಅಲೆಯಾದರೋ ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲಿನಷ್ಟು. ಏರುತಗ್ಗುಗಳು ಅದಕ್ಕಿಂತಲೂ ಎಷ್ಟೋ ಸಣ್ಣದಾದಾಗ ಬೆಳಕು ಒಂದೇ ದಿಕ್ಕಿಗೆ ಮರಳಿ ಎದುರಿನ ಬಿಂಬ ಮೂಡುತ್ತದೆ. ಹಾಗಾಗಿ ಕಲ್ಲಿನ ಮೇಲೆ ಏನನ್ನಾದರೂ ಸೇರಿಸಿದಾಗ ಮಾತ್ರ ಹೊಳಪು ಬರುತ್ತದೆಂದು ಭಾವಿಸಬೇಕಿಲ್ಲ, ಕಳೆಯುತ್ತ ಹೋದರೂ ಬರುತ್ತದೆ.

ಈಗ ಕಲ್ಲಿಗೆ ಬರೋಣ. ಕಂಬಗಳ ಕಲ್ಲು ಬಹುಮಟ್ಟಿಗೆ ವಾರಾಣಸಿಯ ಬಳಿಯ ಚುನಾರದ ಮರಳುಗಲ್ಲು. ನಸುಹಳದಿ ಬಣ್ಣ, ಅಲ್ಲಲ್ಲಿ ಕಪ್ಪು ಚುಕ್ಕೆ, ಬಹಳ ಸಣ್ಣ ಕಣ. ಮರಳುಗಲ್ಲಿಗೆ ಕನ್ನಡಿ ಹೊಳಪು ಬರಿಸುವುದು ಏಕೆ ಕಷ್ಟವೆಂದರೆ ಅದು ಒಂದೇ ಕಲ್ಲಲ್ಲ, ಲಕ್ಷಾಂತರ ಮರಳಿನ ಕಣಗಳ ಕೂಟ. ಕಣಗಳನ್ನು ಹಿಡಿದಿರುವ ಬೆಸುಗೆ ಸಡಿಲವಾಗಿದ್ದರೆ ಉಜ್ಜುವಾಗ ಕಣವು ಸವೆಯುವ ಬದಲು ಬುಡಸಹಿತ ಕಿತ್ತು ಬಂದು ಗುಳಿ ಬೀಳುತ್ತದೆ. ಕಿತ್ತ ಆ ಕಣವೇ ಉಜ್ಜುವ ಕಲ್ಲಿನ ಕೆಳಗೆ ಸಿಕ್ಕಿ ಹೊಸ ಗೀರು ಎಳೆಯುತ್ತದೆ. ಆದ್ದರಿಂದ ಹೊಳಪಿನ ಅರ್ಧ ಕೆಲಸ ಗಣಿಯಲ್ಲೇ, ಕಲ್ಲನ್ನು ಆರಿಸುವಾಗಲೇ ಮುಗಿಯುತ್ತದೆ. ಸಣ್ಣ ಕಣಗಳು ಬಿಗಿಯಾಗಿ ಬೆಸೆದಿರುವ ಪದರವನ್ನು ಗುರುತಿಸಿ, ಅದರಲ್ಲಿ ಬಿರುಕಿಲ್ಲದ ಹತ್ತು ಹನ್ನೆರಡು ಮೀಟರ್ ಉದ್ದದ ತುಂಡನ್ನು ಬಿಡಿಸಬೇಕು.

ಮರಳಿನ ಕಣ ಬೆಣಚು. ಅದನ್ನು ಸವೆಸಲು ಅಷ್ಟೇ ಗಟ್ಟಿಯಾದದ್ದು ಅಥವಾ ಇನ್ನೂ ಗಟ್ಟಿಯಾದದ್ದು ಬೇಕು. ಮೊದಲಿಗೆ ಚಾಣದಿಂದ ಕೆತ್ತಿ ಉಬ್ಬುತಗ್ಗು ತೆಗೆದ ಮೇಲೆ, ಕಲ್ಲಿನಿಂದಲೇ ಕಲ್ಲನ್ನು ಮರಳು ನೀರು ಹಾಕಿ ಉಜ್ಜಬಹುದು. ಕೊನೆಯ ಹಂತಗಳಿಗೆ ಹೇಳಿ ಮಾಡಿಸಿದ ವಸ್ತು ನಮ್ಮ ಕುರುಂದದ ಪುಡಿ, ಸಂಸ್ಕೃತದ ಕುರುವಿಂದ. ಅದು ಬೆಣಚಿಗಿಂತ ಗಟ್ಟಿ. ಇಂಗ್ಲಿಷಿನವರು ಆ ಖನಿಜಕ್ಕಿಟ್ಟ ‘ಕೊರಂಡಮ್’ ಎಂಬ ಹೆಸರೂ ನಮ್ಮ ದಕ್ಷಿಣದ ಮಾತಿನಿಂದ ಹೋದದ್ದೇ. ಪ್ರತಿ ಹಂತದಲ್ಲೂ ಪುಡಿ ನುಣುಪಾಗಬೇಕು, ಹಂತ ಬದಲಿಸುವಾಗ ಹಳೆಯ ಪುಡಿಯನ್ನು ಪೂರಾ ತೊಳೆಯಬೇಕು. ಒರಟು ಪುಡಿಯ ಒಂದೇ ಹರಳು ಉಳಿದರೂ ನಮ್ಮ ದೇವರ ಕೋಣೆಯ ಕತೆಯೇ ಮರುಕಳಿಸುತ್ತದೆ.

ಇದಕ್ಕೆ ಸಾಕ್ಷಿ ಏನು ಎಂದರೆ ನಾನು ಕಂಬಗಳನ್ನು ಬಿಟ್ಟು ಗಯೆಯ ಉತ್ತರಕ್ಕಿರುವ ಬರಾಬರ್ ಬೆಟ್ಟಕ್ಕೆ ನಿಮ್ಮನ್ನು ಕರೆದೊಯ್ಯಬೇಕಾಗುತ್ತದೆ. ಪೂರ್ತಿಯಾದ ಕೆಲಸ ತನ್ನ ಹೆಜ್ಜೆಗಳನ್ನು ತಾನೇ ಅಳಿಸಿಬಿಡುತ್ತದೆ, ಅರ್ಧಕ್ಕೆ ನಿಂತ ಕೆಲಸವೇ ಮಾತಾಡುವುದು. ಅಲ್ಲಿ ಸುದಾಮ ಗುಹೆಯನ್ನು ಅಶೋಕ ತನ್ನ ಆಳ್ವಿಕೆಯ 12ನೆಯ ವರ್ಷದಲ್ಲಿ ಆಜೀವಿಕ ಪಂಥದ ಸಂನ್ಯಾಸಿಗಳಿಗೆ ಕೊಟ್ಟ. ಅದರ ಗ್ರಾನೈಟ್ ಗೋಡೆಗಳು ಇಂದಿಗೂ ದೀಪ ಹಿಡಿದರೆ ದೀಪವನ್ನು ತೋರಿಸುತ್ತವೆ, ಒಂದು ಮಾತಾಡಿದರೆ ಅದು ಗೋಡೆಯಿಂದ ಗೋಡೆಗೆ ಬಹಳ ಹೊತ್ತು ಅಲೆಯುತ್ತದೆ. ಅದರ ಪಕ್ಕದಲ್ಲೇ ಇರುವ ಲೋಮಶ ಋಷಿ ಗುಹೆಯ ವಿನ್ಯಾಸವೂ ಅದೇ: ಹೊರಗೊಂದು ಉದ್ದನೆಯ ಕೋಣೆ, ಒಳಗೊಂದು ದುಂಡು ಕೋಣೆ. ಆದರೆ ಅದು ಮುಗಿಯಲಿಲ್ಲ. ಬಂಡೆಯಲ್ಲಿ ಬಿರುಕು ಕಂಡು ಕೈಬಿಟ್ಟರೆಂಬುದು ಸಾಮಾನ್ಯ ಅಭಿಪ್ರಾಯ. ಹೊರಕೋಣೆಯ ಗೋಡೆಗಳು ನುಣುಪಾಗಿವೆ, ಮೇಲ್ಛಾವಣಿಯ ಮೇಲೆ ಚಾಣದ ಗುರುತುಗಳು ಉಳಿದಿವೆ, ಒಳಗಿನ ದುಂಡು ಕೋಣೆ ಒರಟಾಗಿಯೇ ಇದೆ. ಕೆತ್ತಿದ ಮೈಯಿಂದ ಕನ್ನಡಿಯ ಮೈವರೆಗಿನ ಹಾದಿಯನ್ನು ಒಂದೇ ಗುಹೆಯಲ್ಲಿ ನಿಂತು ನೋಡಬಹುದು. ಬಳಿಯುವವರಾಗಿದ್ದರೆ ಒರಟು ಮೈಗೇ ಬಳಿದುಬಿಡಬಹುದಿತ್ತು, ಗೋಡೆಯನ್ನು ಅಷ್ಟು ಸಮ ಮಾಡಿಕೊಳ್ಳುವ ಕಷ್ಟ ಯಾರಿಗೆ ಬೇಕಿತ್ತು?

ಕಂಬಗಳಲ್ಲೂ ಎರಡು ಗುರುತುಗಳಿವೆ. ನೆಲದೊಳಗೆ ಹೂಳುವ ಬುಡವನ್ನು ಒರಟಾಗಿಯೇ ಬಿಟ್ಟಿದ್ದಾರೆ, ಎಂದರೆ ಕಾಣದ ಜಾಗಕ್ಕೆ ಬೆವರು ಸುರಿಸಿಲ್ಲ. ಶಾಸನದ ಅಕ್ಷರಗಳು ಹೊಳಪಿನ ಮೈಯನ್ನು ಕೊರೆದುಕೊಂಡು ಇಳಿದಿವೆ, ಎಂದರೆ ಹೊಳಪು ಮೊದಲು, ಬರಹ ಆಮೇಲೆ. ಮೇಲೆ ಒಂದು ಲೇಪದ ಪದರವಿದ್ದಿದ್ದರೆ ಅಷ್ಟು ಅಕ್ಷರಗಳ ಅಂಚುಗಳಲ್ಲಿ ಅದು ಚಕ್ಕೆ ಏಳಬೇಕಿತ್ತು.

ಬೆವರಿನ ಲೆಕ್ಕವನ್ನೂ ಹಾಕೋಣ. ಚಂಪಾರಣದ ಲೌರಿಯ ನಂದನಗಢದ ಕಂಬ ನೆಲದ ಮೇಲೆ ಸುಮಾರು 10 ಮೀಟರ್. ಅಡ್ಡಳತೆ ಬುಡದಲ್ಲಿ 90 ಸೆಂಟಿಮೀಟರ್, ತುದಿಯಲ್ಲಿ 66ರಷ್ಟು. ಸರಾಸರಿ 78 ಎಂದುಕೊಂಡರೆ ಸುತ್ತಳತೆ ಸುಮಾರು ಎರಡೂವರೆ ಮೀಟರ್, ಒಟ್ಟು ಮೈ ಹತ್ತಿರ ಹತ್ತಿರ 25 ಚದರ ಮೀಟರ್. ನಮ್ಮ ಮನೆಗಳ ಹತ್ತು ಹನ್ನೆರಡು ಅಡಿಯ ಕೋಣೆಗಳ ಎರಡು ನೆಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ! ಇದು ದೇವತೆಗಳ ಕೆಲಸವಲ್ಲ, ತಾಳ್ಮೆಯುಳ್ಳ ಒಂದು ಕಾರ್ಖಾನೆಯ ಕೆಲಸ. ನೆಲಕ್ಕೂ ಕಂಬಕ್ಕೂ ಒಂದು ವ್ಯತ್ಯಾಸವಿದೆ. ನೆಲ ಚಪ್ಪಟೆ, ಕಂಬ ದುಂಡು, ಅದೂ ಮೇಲಕ್ಕೆ ಹೋದಂತೆ ಸಣ್ಣದಾಗುವ ದುಂಡು. ಒಂದೇ ಕಡೆ ಹೆಚ್ಚು ಉಜ್ಜಿದರೆ ಮೈ ಚಪ್ಪಟೆಯಾಗುತ್ತದೆ. ಅದು ಮುಟ್ಟಿದರೆ ತಿಳಿಯುವುದಿಲ್ಲ, ಬೆಳಕಿನ ಉದ್ದ ಗೆರೆ ಕಂಬದ ಮೇಲೆ ಬಾಗಿದಾಗ ತಿಳಿಯುತ್ತದೆ. ಒಳ್ಳೆಯ ಕಂಬದಲ್ಲಿ ಆ ಗೆರೆ ನೆಟ್ಟಗೆ ಇಳಿಯುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಹೀಗಾಗಿ ಉಳಿದದ್ದನ್ನು ಬೇಗ ಹೇಳುತ್ತೇನೆ.

ಈ ವಿದ್ಯೆ ಇರಾನಿನಿಂದ ಬಂತೇ? ಅಲ್ಲಿನ ಹಳೆಯ ರಾಜಧಾನಿ ಪರ್ಸೆಪೊಲಿಸ್‌ನಲ್ಲೂ ಕಲ್ಲಿಗೆ ಒಳ್ಳೆಯ ಹೊಳಪಿದೆ. ಚುನಾರದ ಗಣಿಯಲ್ಲಿ ಪುರಾತತ್ವಜ್ಞೆ ವಿದುಲಾ ಜೈಸ್ವಾಲ್ ಅವರ ಶೋಧನೆಯಲ್ಲಿ, ವಾಯವ್ಯ ಭಾರತದ ಲಿಪಿಯಾದ ಖರೋಷ್ಠಿಯ ಗುರುತುಗಳುಳ್ಳ ಕಲ್ಲುಗಳು ಸಿಕ್ಕಿವೆ, ನಮ್ಮ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನೂ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲೇ ಬರೆದಿದ್ದಾನೆ. ವಾಯವ್ಯದ ಜನ ಮೌರ್ಯರ ಕೆಲಸದಲ್ಲಿದ್ದರೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪರ್ಸೆಪೊಲಿಸ್‌ನ ಕಲ್ಲು ಸುಣ್ಣಗಲ್ಲು, ಬೆಣಚಿಗಿಂತ ಬಹಳ ಮೆತು, ಸುಲಭವಾಗಿ ಹೊಳಪು ಹಿಡಿಯುವಂಥದು. ಮರಳುಗಲ್ಲಿಗೂ ಗ್ರಾನೈಟಿಗೂ ಅದನ್ನು ತಂದವರು ಹೊಸ ಪಾಠವನ್ನೇ ಕಲಿಯಬೇಕಾಯಿತು. ಗಟ್ಟಿಗಲ್ಲನ್ನು ಉಜ್ಜಿ ನುಣುಪು ಮಾಡುವ ಕೈ ನಮ್ಮಲ್ಲಿ ಅದಕ್ಕೂ ಬಹಳ ಹಿಂದಿನದು. ಬಳ್ಳಾರಿಯ ಸಂಗನಕಲ್ಲಿಗೆ ಹೋದವರು ನವಶಿಲಾಯುಗದವರು ಕೊಡಲಿಗಳನ್ನು ಉಜ್ಜಿದ ಜಾಗದಲ್ಲಿ ಬಂಡೆಗಳ ಮೇಲೆ ಉಳಿದ ತೋಡುಗಳನ್ನು ನೋಡಿಯೇ ಇರುತ್ತೀರಿ.

ಇಷ್ಟೆಲ್ಲ ಏಕೆ ಮಾಡಿದರು ಎಂಬುದಕ್ಕೆ ನೋಡಿದವರ ಮಾತೇ ಸಾಕು. ಫಾಹಿಯಾನನಿಗೆ ಸಂಕಾಶ್ಯದ ಕಂಬ ವೈಡೂರ್ಯದಂತೆ ಕಂಡಿತು. ಹ್ಯೂಯೆನ್ ತ್ಸಾಂಗನಿಗೆ ಸಾರನಾಥದ ಕಂಬ ಜೇಡ್ ಮಣಿಯಂತೆ ಹೊಳೆಯಿತು. ಭಕ್ತಿಯಿಂದ ಬೇಡಿದವರಿಗೆ ಅದರಲ್ಲಿ ಒಳ್ಳೆಯ ಕೆಟ್ಟ ಶಕುನದ ಚಿತ್ರಗಳು ಕಾಣುತ್ತವೆಂದೂ ಅವನು ಬರೆದ. 19ನೆಯ ಶತಮಾನದಲ್ಲಿ ಬಿಷಪ್ ಹೀಬರ್ ದೆಹಲಿಯ ಫಿರೋಜ್ ಶಾಹ ಕೋಟ್ಲಾದ ಕಂಬವನ್ನು ಎರಕದ ಲೋಹವೆಂದೇ ತಿಳಿದ. ಮರದ ಕಟ್ಟಡಗಳ ನಾಡಿನಲ್ಲಿ, ಬಯಲ ನಡುವೆ, ಕಲ್ಲೆಂದು ನಂಬಲಾಗದ ಒಂದು ವಸ್ತುವನ್ನು ನಿಲ್ಲಿಸುವುದು ಚಕ್ರವರ್ತಿಯ ಮಾತಿಗೆ ಮುನ್ನವೇ ಜನ ನಿಂತು ನೋಡುವಂತೆ ಮಾಡುವ ಉಪಾಯವಾಗಿತ್ತು ಎಂದೇ ನನ್ನ ಎಣಿಕೆ.

ಮೌರ್ಯರ ನಂತರ ಈ ಹೊಳಪು ಮರೆಯಾಯಿತು. ಆಮೇಲೆ ಬಂದ ಭರ್ಹುತ ಸ್ತೂಪದ ಕಲ್ಲಿನ ಕಟಕಟೆ ಮಾಡಿದವರು ಕತೆ ಕೆತ್ತುವವರು. ಮರ, ಆನೆ, ಜನಜಂಗುಳಿ ತುಂಬಿದ ಫಲಕದಲ್ಲಿ ಮೈಯೆಲ್ಲ ಉಜ್ಜುವುದಕ್ಕೆ ಜಾಗವೂ ಇಲ್ಲ, ಅದಕ್ಕೆ ಕೂಲಿ ಕೊಡುವ ಒಬ್ಬನೇ ದೊರೆಯೂ ಇಲ್ಲ. ಇನ್ನು ಹೊಳಪಿದ್ದದ್ದೆಲ್ಲ ಮೌರ್ಯರದೇ ಎನ್ನಲೂ ಆಗದು. 1917ರಲ್ಲಿ ಪಟನಾದ ಗಂಗೆಯ ದಡದಲ್ಲಿ ಸಿಕ್ಕ ದೀದಾರಗಂಜದ ಯಕ್ಷಿ ಚುನಾರದ ಕಲ್ಲೇ, ಮೈಯೂ ಕನ್ನಡಿಯೇ, ಆದರೂ ಅವಳ ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಬಾಗಿಲಲ್ಲಿ ಸಿಕ್ಕ ತರುಣರು ಹಿಂದಿನ ಸಾಲಿನಲ್ಲಿ ಇನ್ನೂ ಕುಳಿತಿದ್ದಾರೆ. ಸಾರನಾಥಕ್ಕೆ ಹೋದಾಗ ಸಿಂಹಗಳ ಎದುರು ನಿಲ್ಲಬೇಡಿ, ಪಕ್ಕಕ್ಕೆ ಸರಿದು ಬೆಳಕು ಓರೆಯಾಗಿ ಬೀಳುವ ಕಡೆಯಿಂದ ಕೆನ್ನೆಯ ಮೈಯನ್ನು ನೋಡಿ. ನಮ್ಮ ದೇವರ ಕೋಣೆಯಲ್ಲಿ ಕಂಡಂಥ ಗೀರು ಅಲ್ಲಿ ಕಂಡರೆ ನನಗೊಂದು ಕಾಗದ ಬರೆಯಿರಿ.