ಯಾವುದರ ಶೇಕಡಾ?

ಕೇಳುಗರಿಗೆ ನಮಸ್ಕಾರ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಬಾಡಿಗೆ ರೂಮು ಮಾಡಿಕೊಂಡು ಎಫ್‌ಡಿಎ, ಪಿಡಿಒ, ಬ್ಯಾಂಕ್ ಪರೀಕ್ಷೆ ಅಂತ ಓದುತ್ತಿರುವ ಮಕ್ಕಳನ್ನು ನೆನೆಸಿಕೊಂಡು ಈ ಮಾತು ಆಡುತ್ತಿದ್ದೇನೆ.

ಪ್ರಶ್ನೆಪತ್ರಿಕೆಯಲ್ಲಿ ಒಂದು ಗದ್ಯಭಾಗ ಕೊಡುತ್ತಾರೆ. ಅದರೊಳಗೆ ನಾಲ್ಕೈದು ಅಂಕಿ ಇರುತ್ತವೆ. ಗುಣಿಸುವುದು, ಭಾಗಿಸುವುದು ನಿಮಗೆ ಬರುತ್ತದೆ. ಆದರೂ ಉತ್ತರ ತಪ್ಪುತ್ತದೆ. ಶೇಕಡಾ ಅಂತ ಕಂಡ ಕೂಡಲೇ ಪೆನ್ನು ಓಡುತ್ತದೆ. ಯಾವುದರ ಶೇಕಡಾ ಅಂತ ಯಾರೂ ಕೇಳಿಕೊಳ್ಳುವುದೇ ಇಲ್ಲ. ನನ್ನ ಇವತ್ತಿನ ಮಾತೆಲ್ಲ ಅದೊಂದೇ. ಯಾವುದರ ಶೇಕಡಾ?

ಇದನ್ನು ನನಗೆ ಕಲಿಸಿದವರು ನಮ್ಮ ಸೋದರಮಾವ. ಓದಿದ್ದು ನಾಲ್ಕನೇ ಕ್ಲಾಸು. ನಾನು ಆಗ ಡಿಗ್ರಿಯಲ್ಲಿ ಗಣಿತ ತಗೊಂಡಿದ್ದೆ, ಜಂಬ ಜಾಸ್ತಿ ಇತ್ತು. ಮಾವನ ಮನೆಯಲ್ಲಿ 30 ಕ್ವಿಂಟಾಲ್ ಮೆಕ್ಕೆಜೋಳ ಇತ್ತು. ಹಳೇ ಮಾತು, ಲೆಕ್ಕ ಸುಲಭವಾಗಲಿ ಅಂತ ಕ್ವಿಂಟಾಲ್‌ಗೆ 2000 ರೂಪಾಯಿ ದರ ಅಂದುಕೊಳ್ಳಿ. ಅದು ಶೇಕಡಾ 20 ಇಳಿಯಿತು. ಮಾವ ಮಾರಲಿಲ್ಲ, ಕಾದರು. ಸ್ವಲ್ಪ ದಿನ ಬಿಟ್ಟು ದಾವಣಗೆರೆಗೆ ಹೋದೆವು. ಅಲ್ಲಿ ಒಬ್ಬ ವ್ಯಾಪಾರಿ, "ಇಪ್ಪತ್ತು ಪರ್ಸೆಂಟ್ ಇಳಿದಿತ್ತು, ಇಪ್ಪತ್ತು ಪರ್ಸೆಂಟ್ ಏರಿದೆ ಯಜಮಾನ್ರೇ, ಅಲ್ಲಿಗೆ ಹಳೇ ರೇಟೇ ಬಂತಲ್ಲ" ಅಂದ. ನಾನೂ ಹೂಂ ಅಂದೆ.

ಮಾವ ಏನೂ ಹೇಳದೆ ನನ್ನನ್ನು ಮಂಡಕ್ಕಿ ಅಂಗಡಿಗೆ ಕರಕೊಂಡು ಹೋದರು. ಮಿರ್ಚಿ ಬರುವಷ್ಟರಲ್ಲಿ ಟವೆಲ್ ಹಾಸಿ ಜೇಬಿನಿಂದ ಹತ್ತು ಜೋಳದ ಕಾಳು ತೆಗೆದು ಸಾಲಾಗಿ ಇಟ್ಟರು. "ಒಂದು ಕಾಳಿಗೆ ಇನ್ನೂರು ರೂಪಾಯಿ. ಇಪ್ಪತ್ತು ಪರ್ಸೆಂಟ್ ತೆಗಿ." ಎರಡು ಕಾಳು ತೆಗೆದೆ. ಎಂಟು ಉಳಿಯಿತು. "ಈಗ ಇಪ್ಪತ್ತು ಪರ್ಸೆಂಟ್ ಹಾಕು." ತೆಗೆದಿದ್ದ ಎರಡೂ ಕಾಳು ವಾಪಸ್ ಇಡೋಕೆ ಹೋದೆ. ಮಾವ ನನ್ನ ಕೈ ಹಿಡಿದುಕೊಂಡರು. "ಹತ್ತರಲ್ಲಿ ಇಪ್ಪತ್ತಲ್ಲ ಕಣೋ, ಎಂಟರಲ್ಲಿ ಇಪ್ಪತ್ತು. ಎರಡು ಕಾಳು ಎಲ್ಲಿಂದ ಬರುತ್ತೆ?"

ಬರುವುದು ಒಂದೂವರೆ ಕಾಳಿಗಿಂತ ಚೂರು ಹೆಚ್ಚು. 1600ರ ಶೇಕಡಾ 20 ಅಂದರೆ 320. ದರ ನಿಂತಿದ್ದು 1920ಕ್ಕೆ. ಕ್ವಿಂಟಾಲ್‌ಗೆ 80 ರೂಪಾಯಿ ಕಡಿಮೆ, 30 ಕ್ವಿಂಟಾಲ್‌ಗೆ 2400. 1600 ಮತ್ತೆ 2000 ಆಗಬೇಕಾದರೆ 400 ಏರಬೇಕು. ಅದು 1600ರ ಶೇಕಡಾ 25. ಇಳಿಯುವಾಗ 20, ಏರುವಾಗ 25. ಅದೇ 400 ರೂಪಾಯಿ, ಆದರೆ ಯಾವುದರ ಶೇಕಡಾ ಅನ್ನೋದು ಬದಲಾಯಿತು. ಆ ದಿನ ಮಿರ್ಚಿ ಎಷ್ಟು ಖಾರ ಇತ್ತೋ ನನಗೆ ಗೊತ್ತಾಗಲಿಲ್ಲ ಬಿಡಿ.

ಪ್ರಶ್ನೆ ತೆಗೆಯುವವರೂ ಮಾಡುವುದು ಇದನ್ನೇ. ಒಂದು ಗದ್ಯಭಾಗ ಹೇಳುತ್ತೇನೆ, ನಾನೇ ಕಟ್ಟಿದ್ದು. ಪೆನ್ನು ತಗೊಳ್ಳಿ. "ಒಂದು ಊರಿನಲ್ಲಿ ಕಳೆದ ವರ್ಷ 1000 ಎಕರೆ ಬಿತ್ತನೆಯಾಗಿತ್ತು. ಅದರಲ್ಲಿ ಶೇಕಡಾ 40 ಮೆಕ್ಕೆಜೋಳ. ಈ ವರ್ಷ ಮಳೆ ತಡವಾಗಿ 800 ಎಕರೆ ಮಾತ್ರ ಬಿತ್ತನೆಯಾಯಿತು. ಅದರಲ್ಲಿ ಮೆಕ್ಕೆಜೋಳದ ಪಾಲು ಶೇಕಡಾ 50ಕ್ಕೆ ಏರಿತು."

ಪ್ರಶ್ನೆ: ಮೆಕ್ಕೆಜೋಳ ಬಿತ್ತಿದ ಜಮೀನು ಎಷ್ಟು ಹೆಚ್ಚಾಯಿತು? ಆಯ್ಕೆಗಳಲ್ಲಿ ಶೇಕಡಾ 10 ಇರುತ್ತದೆ, ಶೇಕಡಾ 25 ಇರುತ್ತದೆ. "ಏರಿತು" ಅಂತ ಓದಿದ್ದೀರಲ್ಲ, ಕೈ ಅಲ್ಲಿಗೇ ಹೋಗುತ್ತದೆ. ಎಕರೆಗೆ ತಂದು ನೋಡಿ. 1000ದಲ್ಲಿ ಶೇಕಡಾ 40 ಅಂದರೆ 400. 800ರಲ್ಲಿ ಶೇಕಡಾ 50 ಅಂದರೂ 400. ಒಂದು ಗುಂಟೆಯೂ ಹೆಚ್ಚಾಗಿಲ್ಲ! ಏರಿದ್ದು ಪಾಲು, ಜಮೀನಲ್ಲ.

ಹಾಗಾದರೆ 10 ಮತ್ತು 25 ಎಲ್ಲಿಂದ ಬಂದವು? ಪಾಲು 40ರಿಂದ 50ಕ್ಕೆ ಹೋಯಿತು, ಅದು 10 ಪರ್ಸೆಂಟೇಜ್ ಪಾಯಿಂಟ್. ಹಳೇ ಪಾಲಾದ 40ರ ಮೇಲೆ ಲೆಕ್ಕ ಹಾಕಿದರೆ ಆ 10 ಶೇಕಡಾ 25 ಆಗುತ್ತದೆ. ಎರಡೂ ನಿಜ, ಪಾಲಿನ ಬಗ್ಗೆ. ಕೇಳಿದ್ದು ಜಮೀನಿನ ಬಗ್ಗೆ. ಒಟ್ಟು ಎಕರೆಯನ್ನೇ ಕೊಡದೆ ಪಾಲು ಮಾತ್ರ ಕೊಟ್ಟಿದ್ದರೆ "ಮಾಹಿತಿ ಸಾಲದು" ಅನ್ನುವ ಆಯ್ಕೆಯೇ ಸರಿ. ಅದನ್ನು ಗುರುತು ಹಾಕೋಕೆ ನಮ್ಮ ಮಕ್ಕಳಿಗೆ ಯಾಕೋ ಭಯ.

ಅನುಪಾತದ ಬಗ್ಗೆ ಇನ್ನೂ ಹೇಳೋದಿತ್ತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮಾವನ ಕಾಳಿಗೇ ಸಮಯವೆಲ್ಲ ಹೋಯಿತು. ಒಂದೇ ಹೇಳಿಬಿಡುತ್ತೇನೆ. ಕಳೆದ ವರ್ಷ ಮೆಕ್ಕೆಜೋಳ 400, ಉಳಿದ ಬೆಳೆ 600. ಅನುಪಾತ 2:3. ಒಟ್ಟು ಬಿತ್ತನೆಯಲ್ಲಿ ಮೆಕ್ಕೆಜೋಳ ಎಷ್ಟು ಭಾಗ ಅಂತ ಕೇಳಿದರೆ ಮೂರರಲ್ಲಿ ಎರಡು ಅಂತ ಬರೆಯುತ್ತೀರಿ. ತಪ್ಪು. ಆ ಮೂರು ಉಳಿದ ಬೆಳೆ, ಒಟ್ಟು ಅಲ್ಲ. ಎರಡನ್ನೂ ಕೂಡಿಸಿ, ಐದರಲ್ಲಿ ಎರಡು. ಇಲ್ಲೂ ಅದೇ, ಯಾವುದರಲ್ಲಿ ಎರಡು?

ಸರಿ, ಬಿಡುತ್ತೇನೆ. ನಮಸ್ಕಾರ.